ಎಲ್ಲ ಗೊತ್ತಿದ್ದವರ ಮುಂದೆ ಸಾವಿನ ಪ್ರಸಂಗ

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಐವತ್ತೈದು ದಾಟಿದ ಪಂಪ್‌ಸೆಟ್ ಮೆಕ್ಯಾನಿಕ್ ಒಬ್ಬರು ಲಿವರ್ ಕೆಟ್ಟು ತೀರಿಕೊಂಡಿದ್ದಾರೆ. ಇಪ್ಪತ್ತು ವರ್ಷ ಕುಡಿದವರು. ಹೆಂಡತಿ ಹೊಡೆತ ತಿಂದದ್ದು ಓಣಿಗೆಲ್ಲ ಗೊತ್ತು. ಮಗ ಬೆಂಗಳೂರಿಗೆ ಹೋದವನು ಆರು ವರ್ಷದಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದ. ನಾಳೆ ಮಧ್ಯಾಹ್ನ ಮಣ್ಣು. ಚರ್ಚಿನಲ್ಲಿ ಸಭಾಪಾಲಕರು ಹತ್ತು ನಿಮಿಷ ಪ್ರಸಂಗ ಮಾಡಬೇಕು, ಬರೆಯುವುದಕ್ಕೆ ಉಳಿದಿರುವುದು ಒಂದು ರಾತ್ರಿ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುವ ಮಾತು ನಮ್ಮ ಎಲ್ಲ ಜಾತಿ, ಧರ್ಮಗಳಲ್ಲೂ ಇದೆ. ಹಾಗಾಗಿ ಮೊದಲು ಹೊಳೆಯುವ ವಾಕ್ಯ ‘ಸಂಸಾರಕ್ಕಾಗಿ ಜೀವ ತೇಯ್ದ ಆದರ್ಶ ತಂದೆ’ ಎಂಬ ಜಾತಿಯದೇ. ಆ ವಾಕ್ಯ ಕೇಳಿದ ಕೂಡಲೇ ಮಗ ತಲೆ ತಗ್ಗಿಸುತ್ತಾನೆ, ಹಿಂದಿನ ಸಾಲಿನಲ್ಲಿ ಯಾರೋ ಮುಖ ಮುಖ ನೋಡಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಪ್ರಸಂಗಿ ದೇವರ ಕರುಣೆಯ ಬಗ್ಗೆ ಏನು ಹೇಳಿದರೂ ಅದನ್ನು ಯಾರೂ ನಂಬುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ಹೆಂಡತಿಗೆ. ಅವಳು ಅನುಭವಿಸಿದ್ದು ನಡೆದೇ ಇಲ್ಲ ಎಂದು ದೇವರ ಆಲಯದಲ್ಲೇ ನಿಂತು ಹೇಳಿದಂತಾಗುತ್ತದೆ.

ಹೊಗಳಿಕೆಯ ಈ ಅಪಾಯವನ್ನು ಕಥೋಲಿಕ ಸಭೆ ನಿಯಮದಲ್ಲೇ ಗುರುತಿಸಿದೆ. ಸತ್ತವರಿಗಾಗಿ ಅರ್ಪಿಸುವ ಬಲಿಪೂಜೆಯಲ್ಲಿ ಸಾಮಾನ್ಯವಾಗಿ ಚಿಕ್ಕ ಪ್ರಬೋಧನೆ ಇರಬೇಕು, ಆದರೆ ಯಾವ ಬಗೆಯ ಗುಣಗಾನವೂ ಕೂಡದು ಎನ್ನುತ್ತದೆ ಪೂಜಾಗ್ರಂಥದ ಸಾಮಾನ್ಯ ನಿಯಮಾವಳಿಯ 382ನೇ ಕಲಮು. ಮೊದಲ ಓದಿಗೆ ಇದು ಒರಟು ಅನ್ನಿಸಬಹುದು. ನಿಜಕ್ಕೂ ಇದು ಕಷ್ಟದ ಬದುಕು ಬಾಳಿದವರ ಮನೆಯವರಿಗೆ ದೊಡ್ಡ ಉಪಕಾರ. ಗುಣಗಾನ ಮಾಡುವ ಹಂಗಿಲ್ಲ ಎಂದ ಮೇಲೆ ಸುಳ್ಳು ಹೇಳುವ ಹಂಗೂ ಇಲ್ಲ.

ಹಾಗೆಂದು ನಿಜವನ್ನು ಹೇಗೆ ಬೇಕಾದರೂ ಹೇಳುವಂತಿಲ್ಲ. 2018ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಒಂದು ಚರ್ಚಿನಲ್ಲಿ ಹದಿನೆಂಟರ ಹುಡುಗನೊಬ್ಬನ ಅಂತ್ಯಪೂಜೆ ನಡೆಯಿತು. ಅವನದು ಆತ್ಮಹತ್ಯೆ. ಮಗ ಬದುಕಿದ್ದ ಬಗೆಯನ್ನು ನೆನೆಯಬೇಕೆಂದು ಹೆತ್ತವರು ಬಯಸಿದ್ದರು. ಪಾದ್ರಿಗಳ ಮಾತು ಅವನು ಸತ್ತ ಬಗೆಯನ್ನೇ ಹಿಡಿದು ಸಾಗಿತು. ಆ ಪ್ರಬೋಧನೆಯಲ್ಲಿ ದೇವರ ಕರುಣೆಯ ಮಾತೂ ಇತ್ತು, ಆದರೆ ಆತ್ಮಹತ್ಯೆ ದೇವರಿಗೆ ವಿರುದ್ಧವಾದದ್ದು ಎಂಬ ಬೋಧನೆಯ ಹಿಂದೆ ಅದು ಬಂದದ್ದರಿಂದ ಶೋಕದಲ್ಲಿದ್ದವರ ಕಿವಿಗೆ ಬೀಳಲಿಲ್ಲ. ಸುದ್ದಿ ದೇಶದಾಚೆಗೂ ಹೋಯಿತು. ಅಲ್ಲಿನ ಮಹಾಧರ್ಮಕ್ಷೇತ್ರ ಕುಟುಂಬದ ಕ್ಷಮೆ ಕೇಳಿತು. ಸಭೆಯ ಕಾನೂನು ಆ ಪಾದ್ರಿಗಳ ಮಾತಿಗಿಂತ ಎಷ್ಟೋ ಮುಂದೆ ಬಂದಿತ್ತು. 1917ರ ಕಾನೂನು ಸಂಹಿತೆ ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಸಭೆಯ ಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಸಂಹಿತೆ ಅವರನ್ನು ಆ ಪಟ್ಟಿಯಿಂದ ಕೈಬಿಟ್ಟಿದೆ.

ಮತ್ತೆ ಮೆಕ್ಯಾನಿಕ್‌ನ ಮನೆಗೆ. ಬರೆಯುವ ಮೊದಲು ಸಭಾಪಾಲಕರು ಅಲ್ಲಿಗೆ ಹೋಗಬೇಕು, ಮನೆಯವರನ್ನು ಆದಷ್ಟು ಬೇರೆ ಬೇರೆಯಾಗಿ ಮಾತಾಡಿಸಬೇಕು. ಹಿರಿಯ ಅಣ್ಣ ಎದುರಿಗಿದ್ದರೆ ಹೆಂಡತಿ ಬಾಯಿ ಬಿಡುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೇಳಿದರೆ ಹೇಳುತ್ತಾಳೆ: ‘ಅಯ್ಯನವರೇ, ಅಳು ಬರ್ತಾ ಇಲ್ಲ. ತಪ್ಪಾ?’ ಅವಳಲ್ಲಿ ಒಂದು ಬಗೆಯ ನಿರಾಳವಿದೆ, ಅದರ ಬಗ್ಗೆ ನಾಚಿಕೆಯೂ ಇದೆ. ಎರಡು ಪ್ರಶ್ನೆಗಳು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ಅವರು ಚೆನ್ನಾಗಿದ್ದ ಒಂದು ದಿನ ನೆನಪಿದೆಯೇ? ನಾಳೆ ಯಾವ ಮಾತು ಬರಲೇಬಾರದು? ಮೊದಲನೆಯದಕ್ಕೆ ಮಗಳು ಹೇಳಬಹುದು, ಒಂಟಿ ಹೆಂಗಸರ ತೋಟದ ಪಂಪು ಕೆಟ್ಟರೆ ಅಪ್ಪ ರಾತ್ರಿಯಾದರೂ ಹೋಗುತ್ತಿದ್ದರು, ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ ಎಂದು. ಎರಡನೆಯದಕ್ಕೆ ಮಗ: ‘ಕ್ಷಮಿಸಿಬಿಡು ಅಂತ ಎಲ್ಲರೆದುರು ನನಗೆ ಹೇಳಬೇಡಿ.’

ಕೇಳಿದ್ದನ್ನೆಲ್ಲ ಸಭಾಪಾಲಕರು ಜರಡಿ ಹಿಡಿಯಬೇಕು. ಕುಡಿತ ಊರಿಗೇ ಗೊತ್ತಿರುವ ವಿಷಯ, ಅದನ್ನು ಹೆಸರಿಸಬಹುದು. ಹೆಸರಿಸದಿದ್ದರೆ ಮಿಕ್ಕ ಮಾತು ಪೊಳ್ಳಾಗುತ್ತದೆ. ಹೊಡೆತದ ಸಂಗತಿ ಹಾಗಲ್ಲ. ಓಣಿಗೆ ಗೊತ್ತಿದ್ದರೂ ಅದು ಹೆಂಡತಿಗೆ ಸೇರಿದ್ದು, ಅವಳ ಒಪ್ಪಿಗೆಯಿಲ್ಲದೆ ಬಾಯಿಗೆ ಬರಕೂಡದು. ಸತ್ತವರು ಆಸ್ಪತ್ರೆಯ ಮಂಚದಲ್ಲಿ ಗುಟ್ಟಾಗಿ ಹೇಳಿಕೊಂಡದ್ದು ಎಂದೂ ಬರಬಾರದು.

ವಾಕ್ಯ ಆರಿಸುವಲ್ಲಿ ಅನುಭವಿಗಳೂ ಎಡವುತ್ತಾರೆ. ತಪ್ಪಿಹೋದ ಮಗನ ಸಾಮತಿ ಕೂಡಲೇ ನೆನಪಾಗುತ್ತದೆ, ಆದರೆ ಆ ಕಥೆಯಲ್ಲಿ ಮನೆಯೊಳಗೆ ಬರಲು ಒಪ್ಪದ ಹಿರಿಯ ಮಗನೂ ಇದ್ದಾನೆ. ಮೆಕ್ಯಾನಿಕ್‌ನ ಮಗನಿಗೆ ಅದು ತನ್ನ ಮೇಲಿನ ಆರೋಪದಂತೆ ಕೇಳಿಸುತ್ತದೆ. ಶಿಲುಬೆಯ ಮೇಲಿನ ಕಳ್ಳನ ಪ್ರಸಂಗ ಕರುಣೆಯದೇ, ಆದರೆ ಶವಪೆಟ್ಟಿಗೆಯಲ್ಲಿರುವವರನ್ನು ಕಳ್ಳನ ಸಾಲಿಗೆ ಸೇರಿಸುತ್ತದೆ. ಇಂಥ ಮನೆಗೆ 130ನೇ ಕೀರ್ತನೆ ಹೊಂದುತ್ತದೆ. ಅದು ಆಳದೊಳಗಿಂದ ಕೂಗುವವನ ಪ್ರಾರ್ಥನೆ. ಪಾಪಗಳನ್ನು ಲೆಕ್ಕವಿಟ್ಟರೆ ಯಾರು ತಾನೇ ನಿಂತಾರು ಎಂದು ಕೇಳುತ್ತದೆ. ಕುಡಿತದಲ್ಲಿ ಮುಳುಗಿದವನೂ ಅವನ ಕೈಯಲ್ಲಿ ನೊಂದವಳೂ ಒಂದೇ ಕೀರ್ತನೆಯೊಳಗೆ ನಿಲ್ಲಬಹುದು, ಯಾರ ಮೇಲೂ ಬೆರಳು ತೋರಿಸಿದಂತಾಗುವುದಿಲ್ಲ.

ಮಾತಿನ ಅಳತೆಗೆ ದಾವೀದನಿಗಿಂತ ಒಳ್ಳೆಯ ಗುರು ಸಿಗಲಾರ. ಸೌಲ ಅವನನ್ನು ಈಟಿಯಿಂದ ತಿವಿಯಲು ನೋಡಿದ್ದ, ಗುಡ್ಡಗಾಡೆಲ್ಲ ಅಟ್ಟಿಸಿಕೊಂಡು ಹೋಗಿದ್ದ. ಆದರೂ ಸೌಲ ಮತ್ತು ಯೋನಾತಾನ ಸತ್ತಾಗ ದಾವೀದ ಶೋಕಗೀತೆ ಹಾಡಿದ. ಎರಡನೆಯ ಸಮುವೇಲನ ಮೊದಲ ಅಧ್ಯಾಯದಲ್ಲಿದೆ. ಸೌಲನ ಶೌರ್ಯವನ್ನು ಅದು ಹಾಡುತ್ತದೆ, ಇಸ್ರಾಯೇಲಿನ ಹೆಣ್ಣುಮಕ್ಕಳಿಗೆ ಕೆಂಪು ವಸ್ತ್ರ, ಒಡವೆ ತೊಡಿಸಿದ್ದನ್ನು ನೆನೆಯುತ್ತದೆ. ಇವೆಲ್ಲ ಜನ ಕಂಡಿದ್ದ ಸಂಗತಿಗಳು. ‘ನನ್ನ ಸಹೋದರನೇ’ ಎಂಬ ಆಪ್ತ ಸಂಬೋಧನೆ ಮಾತ್ರ ಯೋನಾತಾನನಿಗೆ ಮೀಸಲು. ಸೌಲ ತನಗೆ ಏನಾಗಿರಲಿಲ್ಲವೋ ಅದನ್ನು ದಾವೀದ ನಟಿಸುವುದಿಲ್ಲ.

ಇಷ್ಟಾದ ಮೇಲೆ ಬರವಣಿಗೆ. ಕುಡಿತದ ಮಾತು ಒಂದೇ ಸಲ ಬರಬೇಕು, ಪ್ರಸಂಗದ ಮೊದಲ ಭಾಗದಲ್ಲೇ ಬಂದು ಹೋಗಬೇಕು. ತಡವಾದಷ್ಟೂ ಜನ ಅದನ್ನೇ ಕಾಯುತ್ತಾ ಕೂರುತ್ತಾರೆ. ‘ಕುಡಿತ ಅವರನ್ನು ಎಲ್ಲಿಗೆ ತಂದಿತು ನೋಡಿ’ ಎಂದರೆ ಹೆಣದ ಮುಂದೆ ನೀತಿಪಾಠವಾಯಿತು. ಹೀಗೆ ಬರೆಯಬಹುದು: ‘ಕುಡಿತ ಇವರಿಂದ ಬಹಳಷ್ಟನ್ನು ಕಿತ್ತುಕೊಂಡಿತು. ಈ ಮನೆಯವರಿಂದಲೂ ಕಿತ್ತುಕೊಂಡಿತು. ಅದು ಇಲ್ಲಿ ಕೂತಿರುವ ನಮಗೆ ಗೊತ್ತು, ದೇವರಿಗೂ ಗೊತ್ತು.’ ಎರಡನೆಯ ವಾಕ್ಯವೇ ಇಲ್ಲಿ ಪ್ರಾಣ. ಅದಿಲ್ಲದಿದ್ದರೆ ಸತ್ತವರೊಬ್ಬರೇ ನೊಂದವರಾಗುತ್ತಾರೆ. ಅದರ ಬೆನ್ನಿಗೇ ಪಂಪಿನ ಸಂಗತಿ, ಉಬ್ಬಿಸದೆ, ಮಗಳು ಹೇಳಿದಷ್ಟೇ. ಮುಂದೆ ಹೆಂಡತಿಯ ಪ್ರಶ್ನೆಗೆ ಉತ್ತರ, ಅವಳ ಹೆಸರೆತ್ತದೆ: ‘ಇವತ್ತು ಕೆಲವರಿಗೆ ಅಳು ಬರಬಹುದು, ಕೆಲವರಿಗೆ ಬರದೇ ಇರಬಹುದು. ಕೆಲವರಿಗೆ ಸಿಟ್ಟಿರಬಹುದು, ಕೆಲವರಿಗೆ ನಿರಾಳವಾಗಿರಬಹುದು. ಇದೆಲ್ಲವನ್ನೂ ದೇವರ ಮುಂದೆ ತರಬಹುದು.’ ಆಮೇಲೆ ಕೀರ್ತನೆ, ಉಳಿದ ಸಮಯವೆಲ್ಲ ಅದಕ್ಕೇ.

‘ಸ್ವರ್ಗದಲ್ಲಿ ನೆಮ್ಮದಿಯಾಗಿದ್ದಾರೆ’ ಎಂಬ ತೀರ್ಪನ್ನಾಗಲಿ ಅದರ ವಿರುದ್ಧದ ತೀರ್ಪನ್ನಾಗಲಿ ಪ್ರಸಂಗಿ ಕೊಡಬೇಕಿಲ್ಲ. ಪ್ರಸಂಗದ ನಂತರ ಬರುವ ಪ್ರಾರ್ಥನೆಗಳು ಸತ್ತವರನ್ನು ದೇವರ ಕೈಗೆ ಒಪ್ಪಿಸುತ್ತವೆ.

ಬರೆದು ಮುಗಿದ ಮೇಲೆ ಒಂದು ಸಲ ಹೆಂಡತಿಯ ಕಿವಿಯಿಂದ, ಇನ್ನೊಂದು ಸಲ ಮಗನ ಕಿವಿಯಿಂದ ಗಟ್ಟಿಯಾಗಿ ಓದಿಕೊಂಡರೆ ಹೊಡೆದುಹಾಕಬೇಕಾದ ಸಾಲುಗಳು ತಾವೇ ಎದ್ದು ಕಾಣುತ್ತವೆ. ಈಗ ಇನ್ನೊಂದು ಕಿವಿಯೂ ಸೇರಿಕೊಂಡಿದೆ. ಕರಾವಳಿಯಲ್ಲಿ ಎಷ್ಟೋ ಶವಸಂಸ್ಕಾರಗಳು ಗಲ್ಫಿನಲ್ಲಿರುವ ನೆಂಟರಿಗಾಗಿ ಯೂಟ್ಯೂಬಿನಲ್ಲಿ ನೇರವಾಗಿ ಪ್ರಸಾರವಾಗುತ್ತವೆ, ವಿಡಿಯೊ ಅಲ್ಲೇ ಉಳಿದುಬಿಡುತ್ತದೆ. ಮಗಳ ಮದುವೆಯ ಮಾತುಕತೆಯ ಹೊತ್ತಿಗೆ ಬೀಗರ ಕಡೆಯವರು ಅದನ್ನು ನೋಡಲೂಬಹುದು. ಕುಡಿತದ ಆ ಮೂರು ವಾಕ್ಯಗಳನ್ನು ಬೆಳಿಗ್ಗೆಯೇ ತಾಯಿಗೂ ಮಕ್ಕಳಿಗೂ ಓದಿ ಹೇಳಿ, ಬೇಡವೆಂದರೆ ಮಾತು ಬದಲಿಸಲು ಸಭಾಪಾಲಕರ ಕೈಯಲ್ಲಿ ಇನ್ನೂ ಒಂದೆರಡು ಗಂಟೆ ಇರಬೇಕು.