ಶಟರ್ ಎಳೆಯದೆ ಸ್ಟಾಕ್ ಎಣಿಸುವುದು

ಮಾರ್ಚ್ ಕೊನೆಗೆ ಶಟರ್ ಎಳೆದು, ‘ಸ್ಟಾಕ್ ಟೇಕಿಂಗ್ ಇದೆ, ಎರಡು ದಿನ ವ್ಯಾಪಾರ ಇಲ್ಲ’ ಎಂದು ಬೋರ್ಡ್ ಹಾಕುವ ಅನುಕೂಲ ಎಲ್ಲ ಗೋದಾಮುಗಳಿಗೂ ಇಲ್ಲ. ಆಸ್ಪತ್ರೆಗಳಿಗೆ ಔಷಧ ಕಳಿಸುವ ಗೋದಾಮನ್ನೇ ನೋಡಿ. ಬೆಳಿಗ್ಗೆ ಏಳಕ್ಕೆ ಶುರುವಾದ ಆರ್ಡರ್‌ಗಳು ರಾತ್ರಿಯವರೆಗೂ ನಿಲ್ಲುವುದಿಲ್ಲ. ಐಸಿಯುನಿಂದ ಇಂಜೆಕ್ಷನ್‌ಗೆ ಫೋನ್ ಬಂದಾಗ ‘ಎಣಿಸುತ್ತಿದ್ದೇವೆ’ ಎನ್ನಲಾಗದು. ಇಂಥ ಕಡೆ ಮಾಡಬೇಕಾದ್ದು ಸೈಕಲ್ ಕೌಂಟಿಂಗ್. ಎರಡು ದಿನದ ಎಣಿಕೆಯನ್ನು ವರ್ಷದುದ್ದಕ್ಕೂ ಹರಡಿ, ದಿನಕ್ಕೆ ಒಂದಿಷ್ಟು ಬಿನ್‌ಗಳಂತೆ ಸರದಿಯಲ್ಲಿ ಎಣಿಸುವ ಕ್ರಮ ಇದು.

ಲೆಕ್ಕ ಕೂಡಿಸಿ ನೋಡಿದರೆ ಹೊರೆ ದೊಡ್ಡದಲ್ಲ. 6,000 ಬಿನ್‌ಗಳಿರುವ ಒಂದು ಔಷಧ ಗೋದಾಮನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅದರಲ್ಲಿ 600 ಬಿನ್ ‘ಎ’ ದರ್ಜೆ, 1,200 ‘ಬಿ’, ಉಳಿದ 4,200 ‘ಸಿ’. ಎ ಬಿನ್‌ಗಳನ್ನು ತಿಂಗಳಿಗೊಮ್ಮೆ, ಬಿ ಮೂರು ತಿಂಗಳಿಗೊಮ್ಮೆ, ಸಿ ವರ್ಷಕ್ಕೊಮ್ಮೆ ಎಣಿಸಿದರೆ ವರ್ಷಕ್ಕೆ 16,200 ಎಣಿಕೆ ಆಗುತ್ತದೆ. 300 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 54. ಗಂಟೆಗೆ 20 ಬಿನ್ ಎಣಿಸುವ ಒಬ್ಬನಿಗೆ ಇದು ಮೂರು ಗಂಟೆಯೊಳಗಿನ ಕೆಲಸ.

ಯಾವುದು ಎ, ಯಾವುದು ಸಿ ಎನ್ನುವಲ್ಲಿ ನನಗೊಂದು ತಕರಾರಿದೆ. ಸಾಮಾನ್ಯವಾಗಿ ದುಬಾರಿ ಮಾಲಿಗೆ ಎ ಪಟ್ಟ. ಆದರೆ ಸ್ಟಾಕ್ ತಪ್ಪುವುದು ಬೆಲೆಯಿಂದಲ್ಲ, ಕೈ ತಾಗುವುದರಿಂದ. ವಾರಕ್ಕೊಮ್ಮೆ ಹೊರಡುವ ಕ್ಯಾನ್ಸರ್ ಇಂಜೆಕ್ಷನ್‌ನ ಲೆಕ್ಕ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ದಿನಕ್ಕೆ ಹತ್ತಾರು ಸಲ ಕೈ ಹಾಕುವ ಪ್ಯಾರಾಸಿಟಮಾಲ್ ಬಿನ್‌ನದ್ದು ಇರುವುದಿಲ್ಲ. ಹಾಗಾಗಿ ಬೆಲೆಯಿಂದಾಗಲಿ, ಓಡಾಟದಿಂದಾಗಲಿ ಯಾವುದರಿಂದ ಮೇಲಿದ್ದರೂ ಎ ದರ್ಜೆಗೆ ಸೇರಿಸುವುದು ಒಳ್ಳೆಯದು. ಬೆಲೆಯದು ಆಡಿಟರ್‌ಗೆ ಬೇಕು, ಓಡಾಟದ್ದು ಗೋದಾಮಿಗೆ ಬೇಕು.

ಕಷ್ಟ ಇರುವುದು ಮಾಲು ಓಡಾಡುತ್ತಿರುವಾಗಲೇ ಎಣಿಸುವುದರಲ್ಲಿ. ಕಂಪ್ಯೂಟರ್‌ನಲ್ಲಿ 300 ಸ್ಟ್ರಿಪ್ ಇದೆ, ಬಿನ್‌ನಲ್ಲಿ 280 ಸಿಕ್ಕಿತು ಎಂದರೆ 20 ಕಳೆದಿದೆ ಎಂದೇ ಅರ್ಥವಲ್ಲ; ಅದು ಪ್ಯಾಕಿಂಗ್ ಮೇಜಿನ ಟ್ರೇಯಲ್ಲಿ ಬಿಲ್‌ಗಾಗಿ ಕಾಯುತ್ತಿರಬಹುದು. ಇಂಥ ನಡುಹಾದಿಯ ಜಾಗಗಳು ಮೂರು: ಬಂದಿಳಿದು ಇನ್ನೂ ರ್ಯಾಕ್ ಸೇರದ ಮಾಲು, ರ್ಯಾಕಿನಿಂದ ತೆಗೆದು ಇನ್ನೂ ಬಿಲ್ ಆಗದ ಮಾಲು, ಮತ್ತು ಅಂಗಡಿಗಳಿಂದ ವಾಪಸ್ ಬಂದ, ಎಕ್ಸ್‌ಪೈರಿ ಆದ ಮಾಲು. ಹಿಂದಿನ ಸಂಜೆಯೇ ಈ ಮೂರರ ಎಂಟ್ರಿ ಮುಗಿಸಿ, ಮುಗಿಯದ್ದನ್ನು ಪಟ್ಟಿ ಮಾಡಿಟ್ಟು, ಬೆಳಿಗ್ಗೆ ಮೊದಲ ಆರ್ಡರ್‌ಗೆ ಮುಂಚೆ ಎಣಿಸಿದರೆ ಅರ್ಧ ಗೊಂದಲ ಹುಟ್ಟುವುದೇ ಇಲ್ಲ. ಹೊತ್ತು ಮೀರಿ ಆರ್ಡರ್ ಶುರುವಾದರೂ ಇಡೀ ಸಾಲನ್ನು ನಿಲ್ಲಿಸಬೇಕಿಲ್ಲ. ಎಣಿಸುತ್ತಿರುವ ಬಿನ್ ಒಂದನ್ನು ಮಾತ್ರ ಆ ನಾಲ್ಕೈದು ನಿಮಿಷ ಸಿಸ್ಟಮ್‌ನಲ್ಲಿ ತಡೆಹಿಡಿದರೆ ಸಾಕು. ಇನ್ಸುಲಿನ್, ಲಸಿಕೆ ಇರುವ 2ರಿಂದ 8 ಡಿಗ್ರಿಯ ಕೋಲ್ಡ್ ರೂಮಿಗೆ ಬೇರೆ ಉಪಾಯ: ಎಣಿಸಲೆಂದೇ ಬಾಗಿಲು ತೆರೆಯದೆ, ಮಾಲು ತೆಗೆಯಲು ಹೋದಾಗ ಆ ಬಿನ್‌ನಲ್ಲಿ ಉಳಿದದ್ದನ್ನು ಎಣಿಸಿ ಬರುವುದು.

ಎಣಿಸುವವನ ಚೀಟಿಯಲ್ಲಿ ಬಿನ್ ನಂಬರ್ ಮಾತ್ರ ಇರಬೇಕು. ಸಿಸ್ಟಮ್ ಹೇಳುವ ಸಂಖ್ಯೆ ಕಂಡರೆ ಕಣ್ಣು ಅದನ್ನೇ ಎಣಿಸುತ್ತದೆ. ಅವನು ಮಾಲಿನ ಹೆಸರು, ಬ್ಯಾಚ್, ಎಕ್ಸ್‌ಪೈರಿ, ಸಂಖ್ಯೆ ನಾಲ್ಕನ್ನೂ ಕಂಡಂತೆ ಬರೆಯುತ್ತಾನೆ. ವ್ಯತ್ಯಾಸ ಬಂದರೆ ಎರಡನೇ ಸಲ ಎಣಿಸುವವನು ಬೇರೆಯವನಾಗಿರಬೇಕು. ಖಾಲಿ ಎಂದು ಸಿಸ್ಟಮ್ ನಂಬಿರುವ ಬಿನ್‌ಗಳೂ ಸರದಿಗೆ ಬರಬೇಕು. ‘ಇಲ್ಲ’ ಎಂದುಕೊಂಡ ಮಾಲು ಸಿಗುವುದು ಅಲ್ಲೇ.

ಇನ್ನು ವ್ಯತ್ಯಾಸ ಸಿಕ್ಕ ಮೇಲಿನ ಮಾತು. ಬಹಳಷ್ಟು ಗೋದಾಮುಗಳು ಇಲ್ಲಿ ಎಡವುತ್ತವೆ. ಒಂದು ಆ್ಯಂಟಿಬಯೋಟಿಕ್ ಅಕ್ಕಪಕ್ಕದ ಎರಡು ಬಿನ್‌ಗಳಲ್ಲಿದೆ ಎನ್ನಿ. ಮೊದಲು ಎಕ್ಸ್‌ಪೈರಿ ಆಗುವ ಹಳೆಯ ಬ್ಯಾಚ್‌ನಲ್ಲಿ ಸಿಸ್ಟಮ್ ಪ್ರಕಾರ 140 ಸ್ಟ್ರಿಪ್, ಹೊಸ ಬ್ಯಾಚ್‌ನಲ್ಲಿ 400. ಎಣಿಸಿದಾಗ ಸಿಕ್ಕಿದ್ದು 170 ಮತ್ತು 370. ಒಟ್ಟು 540 ಇರಬೇಕು, 540 ಇದೆ. ಹಣದ ಲೆಕ್ಕದಲ್ಲಿ ವ್ಯತ್ಯಾಸ ಸೊನ್ನೆ. ವರ್ಷಕ್ಕೊಮ್ಮೆ ಮಾಲಿನ ಹೆಸರು ಹಿಡಿದು ಎಣಿಸುವ ಕಡೆ ಇದು ‘ಸರಿ’ ಎಂದು ದಾಟಿ ಹೋಗುತ್ತಿತ್ತು. ಬಿನ್ ಲೆಕ್ಕದಲ್ಲಿ ಎರಡಕ್ಕೆ ಎರಡೂ ತಪ್ಪು.

ಕಾರಣ ಹುಡುಕಿದರೆ ಹೊರಬರುವ ಕಥೆ ಇಷ್ಟು: ಬಿಲ್ ಹಳೆಯ ಬ್ಯಾಚ್‌ಗೆ ಆಗಿದೆ, ಹುಡುಗ ಕೈಗೆಟುಕುವ ಎತ್ತರದಲ್ಲಿದ್ದ ಹೊಸ ಬ್ಯಾಚ್‌ನಿಂದ 30 ಸ್ಟ್ರಿಪ್ ತೆಗೆದುಕೊಟ್ಟಿದ್ದಾನೆ. ಹಳೆಯ 30 ಸ್ಟ್ರಿಪ್ ರ್ಯಾಕ್‌ನಲ್ಲೇ ಕೂತು ಎಕ್ಸ್‌ಪೈರಿ ಆಗುತ್ತದೆ. ನಾಳೆ ತಯಾರಕರು ಹೊಸ ಬ್ಯಾಚ್ ವಾಪಸ್ ಕೇಳಿದರೆ, ಆ 30 ಯಾವ ಆಸ್ಪತ್ರೆಗೆ ಹೋಯಿತು ಎಂದು ಪುಸ್ತಕ ಹೇಳುವುದಿಲ್ಲ. ಅಂಕಿ ತಿದ್ದಿದರೆ ಇಂದಿನ ಲೆಕ್ಕ ಸರಿಹೋದೀತು. ಹಳೆಯ ಬ್ಯಾಚನ್ನು ಕೈಗೆಟುಕುವ ಕಡೆಗೆ ತಂದು, ತೆಗೆಯುವಾಗ ಬ್ಯಾಚ್ ಸ್ಕ್ಯಾನ್ ಮಾಡದೆ ಬಿಲ್ ಆಗದಂತೆ ಮಾಡಿದರೆ ಮಾತ್ರ ಮುಂದಿನ ತಿಂಗಳೂ ಸರಿ ಇರುತ್ತದೆ.

ವ್ಯತ್ಯಾಸದ ಅಂಕಿಯೇ ಎಷ್ಟೋ ಸಲ ಸುಳಿವು ಕೊಡುತ್ತದೆ. ಒಂದು ಬಾಕ್ಸ್‌ಗೆ 10 ಸ್ಟ್ರಿಪ್ ಇರುವ ಮಾಲಿನಲ್ಲಿ, 5 ಬಾಕ್ಸ್ ಬಂದದ್ದನ್ನು 5 ಸ್ಟ್ರಿಪ್ ಎಂದು ಬರೆದರೆ 45 ಹೆಚ್ಚು ಸಿಗುತ್ತದೆ. 63 ಎನ್ನುವುದನ್ನು 36 ಎಂದು ಟೈಪ್ ಮಾಡಿದರೆ ವ್ಯತ್ಯಾಸ 27. ಎರಡೂ 9ರಿಂದ ಭಾಗವಾಗುವ ಸಂಖ್ಯೆಗಳು. ಅಂಥದ್ದು ಕಂಡರೆ ಕಳ್ಳತನ ಎನ್ನುವ ಮೊದಲು ಒಳಬಂದ ಮಾಲಿನ ಎಂಟ್ರಿಗಳನ್ನು ನೋಡಬೇಕು. ಹೀಗೆ ಹುಡುಕುವುದು ಸುಲಭವಾಗಲೆಂದೇ ಪೂರ್ತಿ ಸರದಿ ಶುರು ಮಾಡುವ ಮುಂಚೆ ಎಲ್ಲ ಬಗೆಯ ಮಾಲಿನಿಂದ 100 ಬಿನ್ ಆರಿಸಿ, ಅವನ್ನೇ ಕೆಲವು ವಾರ ಮತ್ತೆ ಮತ್ತೆ ಎಣಿಸಬೇಕು. ಕಳೆದ ವಾರ ಸರಿಯಿದ್ದ ಬಿನ್ ಈ ವಾರ ತಪ್ಪಿದ್ದರೆ ನಡುವಿನ ಕೆಲವೇ ಬಿಲ್‌ಗಳಲ್ಲಿ ಕಾರಣ ಇರುತ್ತದೆ. ವರ್ಷದ ಕೊನೆಗೆ ಸಿಕ್ಕ ತಪ್ಪಿನ ಹಿಂದೆ ಸಾವಿರಾರು ಬಿಲ್ ಇರುತ್ತವೆ. ಯಾರೂ ಹುಡುಕುವುದಿಲ್ಲ, ಅಂಕಿ ತಿದ್ದಿ ಕೈತೊಳೆದುಕೊಳ್ಳುತ್ತಾರೆ.

ಅವಸರದ ತಿದ್ದುಪಡಿಗೆ ತೆರಿಗೆಯ ಬೆಲೆಯೂ ಇದೆ. ಕಳೆದುಹೋಯಿತು ಎಂದು ಮಾಲನ್ನು ಪುಸ್ತಕದಿಂದ ತೆಗೆದರೆ, ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಅದರ ಮೇಲೆ ಪಡೆದ ಇನ್‌ಪುಟ್ ತೆರಿಗೆ ಕ್ರೆಡಿಟ್ ಹಿಂದಿರುಗಿಸಬೇಕು. ಟ್ರೇಯಲ್ಲಿ ಬಿಲ್‌ಗೆ ಕಾದಿದ್ದ ಮಾಲಿಗೆ ಈ ದಂಡ ತೆರುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ತಿದ್ದುವ ಅಧಿಕಾರ ಎಣಿಸುವವನಿಗೂ ಬೇಡ, ಮಾಲು ತೆಗೆಯುವವನಿಗೂ ಬೇಡ. ಕಾರಣ ಬರೆದ ಚೀಟಿ ನೋಡಿ ಮೂರನೆಯವರು ಸಹಿ ಹಾಕಲಿ.

ಸರದಿ ಎಣಿಕೆ ಎಲ್ಲ ಕಡೆಗೂ ಒಗ್ಗುವುದಿಲ್ಲ. ಬಿನ್ ನಂಬರೇ ಇಲ್ಲದ, ಸಿಕ್ಕ ಜಾಗದಲ್ಲಿ ಮಾಲು ಇಡುವ ಗೋದಾಮು ಮೊದಲು ಒಂದೊಂದೇ ಸಾಲನ್ನು ಪೂರ್ತಿ ಎಣಿಸಿ, ನಂಬರ್ ಹಾಕಿ ಹದಕ್ಕೆ ಬರಬೇಕು. ಎಣಿಸುವವನೂ ಮಾಲು ತೆಗೆಯುವವನೂ ಒಬ್ಬನೇ ಆದ ಕಡೆ ಕಳ್ಳತನ ಇದರಿಂದ ಸಿಗುವುದಿಲ್ಲ.

ಕಾನೂನಿನ ಅಡ್ಡಿ ಮಾತ್ರ ಇಲ್ಲ. ಕಂಪನಿಗಳ ಆಡಿಟ್‌ಗೆ ಸಂಬಂಧಿಸಿದ 2020ರ ‘ಕಾರೋ’ ಆದೇಶ ವರ್ಷಕ್ಕೊಂದು ದಿನ ಬಾಗಿಲು ಮುಚ್ಚಿ ಎಣಿಸಿ ಎನ್ನುವುದಿಲ್ಲ. ಸೂಕ್ತ ಅವಧಿಗೊಮ್ಮೆ ಎಣಿಕೆ ನಡೆದಿದೆಯೇ, ಅದರ ವ್ಯಾಪ್ತಿ ಮತ್ತು ಕ್ರಮ ಸರಿಯಿದೆಯೇ, ಯಾವುದೇ ವರ್ಗದ ದಾಸ್ತಾನಿನಲ್ಲಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡಿತೇ, ಕಂಡಿದ್ದರೆ ಪುಸ್ತಕದಲ್ಲಿ ಸರಿಪಡಿಸಲಾಗಿದೆಯೇ ಎಂಬುದರ ಮೇಲೆ ಆಡಿಟರ್ ವರದಿ ಮಾಡಬೇಕು. ಹಾಗಾಗಿ ಈ ಕ್ರಮಕ್ಕೆ ಬದಲಾಗುವವರು ಏಪ್ರಿಲ್‌ನಲ್ಲೇ ಆಡಿಟರ್ ಮುಂದೆ ಸರದಿಪಟ್ಟಿ ಇಟ್ಟು ಒಪ್ಪಿಸಿಕೊಳ್ಳಿ, ಪ್ರತಿದಿನದ ಚೀಟಿಗಳನ್ನು ಎಸೆಯದೆ ಫೈಲ್ ಮಾಡಿಡಿ.