ಧರ್ಮದರ್ಶಿ ಕೀಲಿಕೈ ಒಪ್ಪಿಸುವಾಗ

ವಾರಕ್ಕೆ ಎರಡು ದಿನ ಡಯಾಲಿಸಿಸ್‌ಗೆ ಹೋಗುವ ಹಿರಿಯರೊಬ್ಬರು ಊರಿನ ದೇವಸ್ಥಾನದ ಖಾಸಗಿ ಟ್ರಸ್ಟಿನಲ್ಲಿ 18 ವರ್ಷದಿಂದ ಧರ್ಮದರ್ಶಿ, ಖಜಾಂಚಿಯೂ ಅವರೇ ಎನ್ನೋಣ. ಇನ್ನು ಆಗದು ಎಂದು ರಾಜೀನಾಮೆ ಬರೆಯಲು ಕೂತರೆ ಕೈ ಮೊದಲು ಬರೆಯುವುದು ‘ಇಂದಿನಿಂದಲೇ ಬಿಡುಗಡೆ ಮಾಡಿ’ ಎಂದು. ಎಡವುವುದು ಅಲ್ಲೇ.

ಧರ್ಮದರ್ಶಿ ಹೇಗೆ ಬಿಡಬೇಕೆಂಬುದು ಟ್ರಸ್ಟ್ ಡೀಡಿನಲ್ಲಿರುತ್ತದೆ. ಪತ್ರ ಬರೆಯುವ ಮೊದಲು ಅದನ್ನು ತೆಗೆದು ಓದಬೇಕು. ಸಭೆ ಅಂಗೀಕರಿಸಿ ನಡಾವಳಿಯಲ್ಲಿ ಬರೆಯುವ ತನಕ ಹುಂಡಿಗೂ ಲೆಕ್ಕಕ್ಕೂ ತಾವೇ ಹೊಣೆ ಎಂದುಕೊಂಡು ನಡೆಯುವುದೇ ಕ್ಷೇಮ. ಆದ್ದರಿಂದ ನಮ್ಮ ಹಿರಿಯರು ಹೀಗೆ ಬರೆಯಲಿ:

‘ಮಾನ್ಯರೇ, ಅನಾರೋಗ್ಯದ ಕಾರಣ ಧರ್ಮದರ್ಶಿ ಸ್ಥಾನಕ್ಕೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಲೆಕ್ಕ, ಕೀಲಿಕೈ, ಆಭರಣ ಒಪ್ಪಿಸಿ ಮುಗಿದ ದಿನದಿಂದ ಇದನ್ನು ಜಾರಿಗೆ ತರಬೇಕೆಂದು ಕೋರುತ್ತೇನೆ. ಮಂಗಳವಾರ, ಶುಕ್ರವಾರ ಆಸ್ಪತ್ರೆ. ಉಳಿದ ದಿನ ಬೆಳಿಗ್ಗೆ ಎರಡು ಗಂಟೆ ಕೂರಬಲ್ಲೆ. ಗೋಪುರದ ಕೆಲಸ ನಿಂತಾಗ ಮನೆ ಮನೆಗೆ ನನ್ನೊಡನೆ ಬಂದವರನ್ನು, ನನ್ನ ಲೆಕ್ಕದಲ್ಲಿ ತಪ್ಪು ಹಿಡಿದು ತಿದ್ದಿದವರನ್ನು ಮರೆಯಲಾರೆ.’

ಕಾಯಿಲೆಯ ವಿವರ ಇಷ್ಟೇ ಸಾಕು. ‘ಎಲ್ಲರಿಗೂ ವಂದನೆಗಳು’ ಎಂಬ ಒಂದು ಸಾಲಿಗಿಂತ ಆ ಗೋಪುರದ ನೆನಪು ಸಹೋದ್ಯೋಗಿಗಳ ಮನಸ್ಸಿಗೆ ಹೆಚ್ಚು ತಟ್ಟುತ್ತದೆ.

ಬ್ಯಾಂಕಿನ ಕೆಲಸ ಮೊದಲು ಹಿಡಿಯಬೇಕು. ಹೊಸಬರ ಸಹಿ ಸೇರಿದ ಮೇಲೆಯೇ ಹಳೆಯ ಸಹಿ ತೆಗೆಸಬೇಕು. ಕ್ರಮ ತಿರುವುಮುರುವಾದರೆ ಚೆಕ್ಕುಗಳು ನಿಂತು, ಅರ್ಚಕರ ಸಂಬಳ, ಕರೆಂಟು ಬಿಲ್ಲು ಬಾಕಿ ಬೀಳುತ್ತವೆ. ಸಭೆಯ ನಿರ್ಣಯದ ಪ್ರತಿಯಿಲ್ಲದೆ ಬ್ಯಾಂಕಿನವರು ಸಾಮಾನ್ಯವಾಗಿ ಸಹಿ ಬದಲಿಸುವುದಿಲ್ಲ.

ಹೆಚ್ಚು ಹೊತ್ತು ಹಿಡಿಯುವುದು ಆಭರಣ. ಒಂದೊಂದನ್ನೂ ಪಟ್ಟಿಯೊಂದಿಗೆ ತಾಳೆ ನೋಡಿ, ಅರ್ಚಕರು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ತೂಗಬೇಕು. ಹಳೆಯ ಒಡವೆಗಳ ಒಳಗೆ ಅರಗು ತುಂಬಿರುತ್ತದೆ, ಮೇಲೆ ಹರಳು ಇರುತ್ತದೆ. ಪಟ್ಟಿಯಲ್ಲಿ 412 ಗ್ರಾಂ ಎಂದಿರುವ ಪದಕ ಇಂದು 409 ತೂಗಿದರೆ ಅರಗು ಉದುರಿರಬಹುದು, ಹರಳು ಬಿದ್ದಿರಬಹುದು, ಹಿಂದೆ ತೂಗಿದ ತಕ್ಕಡಿಯೇ ಬೇರೆಯಿರಬಹುದು. ಮುಜುಗರಕ್ಕೆ ಹಳೆಯ ಅಂಕಿ ತಿದ್ದಬಾರದು. ಹಾಗೆ ತಿದ್ದಿದರೆ ಪ್ರಾಮಾಣಿಕರ ಮೇಲೂ ಅನುಮಾನ ಬರುತ್ತದೆ. ಅದನ್ನು ಹಾಗೇ ಬಿಟ್ಟು, ಕೆಳಗೆ ಇಂದಿನ ತೂಕ, ‘ಅರಗು, ಹರಳು ಸೇರಿ’ ಎಂಬ ಮಾತು, ಖಾಲಿಯಿರುವ ಹರಳಿನ ಗೂಡುಗಳ ಎಣಿಕೆ ಬರೆದು ಎಲ್ಲರೂ ಸಹಿ ಹಾಕಬೇಕು.

ಇಷ್ಟಾದರೂ ಕಾಗದದಲ್ಲಿ ಇಲ್ಲದ್ದು ಉಳಿಯುತ್ತದೆ: ಶಾಶ್ವತ ಪೂಜೆಗೆ ಹಣ ಕೊಟ್ಟ ಮನೆಯವರು ಯಾವ ತಿಥಿ ಹೇಳಿದ್ದರು, ಮಳೆಗಾಲದಲ್ಲಿ ಉಗ್ರಾಣದ ಯಾವ ಮೂಲೆ ಸೋರುತ್ತದೆ. ಕೈ ನಡುಗುತ್ತಿದ್ದರೆ ಅವರು ಹೇಳಲಿ, ಹೊಸಬರು ಬರೆದುಕೊಳ್ಳಲಿ.

ಎಲ್ಲ ಒಪ್ಪಿಸಿದ ಮೇಲೆ ಸಹಿಯಾದ ಪಟ್ಟಿಯ ಒಂದು ಪ್ರತಿ ಹಿರಿಯರ ಮನೆಗೂ ಹೋಗಬೇಕು. ಮುಂದೆ ಆಡಿಟ್‌ನಲ್ಲಿ ಹಳೆಯ ಲೆಕ್ಕದ ಪ್ರಶ್ನೆ ಎದ್ದರೆ, ಅವರು ಹಾಸಿಗೆ ಹಿಡಿದಿದ್ದರೂ ಮಕ್ಕಳು ಅದನ್ನು ತೆಗೆದು ತೋರಿಸಬಹುದು.