ಬೆಲ್ಟ್ ಹೊಸದು, ಜಾರುವುದು ಮಾತ್ರ ನಿಲ್ಲಲಿಲ್ಲ

ರಾಗಿ ಬೀಸುವ ಗಿರಣಿಗೆ ಹೊಸ ವಿ-ಬೆಲ್ಟ್ ಹಾಕಿ ವಾರವಾಗಿತ್ತಷ್ಟೆ. ಕಾಳು ಸುರಿದ ಕೂಡಲೇ ಬೆಲ್ಟ್ ಕಿರ್ರೆಂದು ಜಾರುತ್ತಿತ್ತು. ಬಿಗಿ ಮಾಡೋಣವೆಂದು ಬಗ್ಗಿ ನೋಡಿದರೆ, ಮೋಟಾರು ಆಗಲೇ ಹಳಿಯ ತುದಿಗೆ ಬಂದಿತ್ತು. ಹಿಂದಕ್ಕೆ ಸರಿಸಲು ಉಳಿದದ್ದು ನಾಲ್ಕೇ ಮಿ.ಮೀ. ಬೆಲ್ಟಿನ ಮೇಲಿದ್ದ ಅಚ್ಚು: ಬಿ 64.

ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ, ಗಿರಣಿಗೆ ಬೇಕಾದದ್ದು 720. ಹಾಗಾಗಿ ಪುಲ್ಲಿಗಳು 125 ಮತ್ತು 250 ಮಿ.ಮೀ. ಎರಡು ಶಾಫ್ಟುಗಳ ನಡುವಿನ ಅಂತರವನ್ನು ಹಳಿಯ ಮೇಲೆ 450ರಿಂದ 540ರವರೆಗೆ ಬದಲಿಸಬಹುದು. ನಡುವೆ 500 ಇರಲಿ ಎಂದುಕೊಂಡರೆ ಬೆಲ್ಟಿನ ಉದ್ದ ಹೀಗೆ ಬರುತ್ತದೆ:

```
L = 2C + 1.57(D + d) + (D − d)²/4C
  = 1000 + 589 + 8 = 1597
```

ಮೊದಲನೆಯದು ಎರಡು ನೇರ ಓಟ, ಎರಡನೆಯದು ಪುಲ್ಲಿಗಳನ್ನು ಅರ್ಧರ್ಧ ಸುತ್ತುವ ಭಾಗ. ಪುಲ್ಲಿಗಳು ಸಮನಾಗಿಲ್ಲದ್ದರಿಂದ ಬೆಲ್ಟ್ ಓರೆಯಾಗುತ್ತದಲ್ಲ, ಅದಕ್ಕೆ ಕೊನೆಯ 8.

ಲೆಕ್ಕ ಇಷ್ಟು ಸುಲಭವಾಗಿದ್ದರೂ 64 ಬಂದದ್ದು ಎರಡು ತಪ್ಪುಗಳಿಂದ. ಪುಲ್ಲಿಯನ್ನು ಟೇಪಿನಿಂದ ಹೊರ ಅಂಚಿಗೆ ಅಳೆದಿದ್ದರು: 133, 258. ಆದರೆ ಬೆಲ್ಟ್ ಎಳೆತ ಹೊರುವ ಗೆರೆ ಅಂಚಿನಿಂದ ನಾಲ್ಕು ಮಿ.ಮೀ.ಗೂ ತುಸು ಒಳಗೆ, ಗಾಡಿಯ ಆಳದಲ್ಲಿದೆ; ಲೆಕ್ಕಕ್ಕೆ ಬೇಕಾದದ್ದು ಆ ಗೆರೆಯ ವ್ಯಾಸ. ಅಲ್ಲಿಗೇ ಉದ್ದ ಒಂದು ಇಂಚು ಹೆಚ್ಚಾಯಿತು. ಎರಡನೆಯದು ಅಂಗಡಿಯಲ್ಲಿ ಆದ ತಪ್ಪು. ಬೆಲ್ಟಿನ ಮೇಲಿನ 60, 62 ಎಂಬ ಅಂಕಿಗಳು ಒಳಸುತ್ತಿನ ಇಂಚುಗಳು. ಬಿ ಬೆಲ್ಟಿಗೆ ಒಳಸುತ್ತಿಗೆ 43 ಮಿ.ಮೀ. ಸೇರಿಸಿದರೆ ನಮ್ಮ ಸೂತ್ರದ ಉದ್ದ ಸಿಗುತ್ತದೆ. ಆ 43 ಕಳೆಯದೆ ಇಂಚಿಗೆ ತಿರುಗಿಸಿದ್ದರು.

ಸರಿಯಾಗಿ ಕಳೆದರೆ 1554, ಅಂದರೆ 61 ಇಂಚು. ಅಂಗಡಿಯಲ್ಲಿ ಇದ್ದದ್ದು 60 ಮತ್ತು 62 ಮಾತ್ರ. ಬೆಲ್ಟ್ ಬದಲಾದರೆ ಅಂತರವೂ ಬದಲಾಗಬೇಕು. ನೇರ ಓಟ ಎರಡು ಇರುವುದರಿಂದ ಉದ್ದದ ವ್ಯತ್ಯಾಸದ ಸುಮಾರು ಅರ್ಧದಷ್ಟು. ಬಿ 60ರ ಉದ್ದ 1567. 30 ಕಡಿಮೆ, ಅಂತರ 485. ಬಿ 62 ಆದರೆ 511.

ನಾವಂದುಕೊಂಡ 500ಕ್ಕೆ ಹತ್ತಿರವಿರುವುದು 62. ಆದರೂ ನಾನು ತರಿಸಿದ್ದು 60. ಬೆಲ್ಟನ್ನು ಸನ್ನೆಕೋಲಿನಿಂದ ಒತ್ತದೆ ಕೈಯಲ್ಲೇ ಏರಿಸಲು, ಅದರ ಉದ್ದದ ಶೇ 1.5ರಷ್ಟು, ಸುಮಾರು 24 ಮಿ.ಮೀ., ಮೋಟಾರು ಒಳಕ್ಕೆ ಬರಬೇಕು. ಮುಂದೆ ಬೆಲ್ಟ್ ಹಿಗ್ಗಿದಾಗ ಬಿಗಿ ಮಾಡಲು ಶೇ 3, ಅಂದರೆ 47ರಷ್ಟು, ಹೊರಕ್ಕೆ ಹೋಗಬೇಕು. 62ಕ್ಕೆ 558ರವರೆಗೆ ಜಾಗ ಬೇಕು, ಹಳಿ 540ಕ್ಕೇ ಮುಗಿಯುತ್ತದೆ. 60ಕ್ಕೆ 461ರಿಂದ 532 ಸಾಕು. ಮೋಟಾರನ್ನು 461ಕ್ಕೆ ಸರಿಸಿದೆವು, ಬೆಲ್ಟ್ ಬೆರಳಲ್ಲೇ ಗಾಡಿಯೊಳಗೆ ಕೂತಿತು.